ಎರಡು ಫೋಟೊ, ಎರಡು ಶೀರ್ಷಿಕೆ: ಉತ್ಪನ್ನಗಳ ಸ್ಪ್ಲಿಟ್ ಟೆಸ್ಟ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪ್ಲಿಟ್ ಟೆಸ್ಟ್ ಎಂದರೆ ಏನು?

ಆನ್‌ಲೈನ್ ಮಾರಾಟದಲ್ಲಿ ಒಂದೇ ಉತ್ಪನ್ನಕ್ಕೆ ಎರಡು ಫೋಟೊಗಳನ್ನೋ ಎರಡು ಶೀರ್ಷಿಕೆಗಳನ್ನೋ ಸಿದ್ಧಪಡಿಸಿ, ಒಂದೇ ಅವಧಿಯಲ್ಲಿ ಬರುವ ನೋಡುಗರನ್ನು ಎರಡು ಗುಂಪುಗಳಾಗಿ ಒಡೆದು, ಒಂದು ಗುಂಪಿಗೆ ಮೊದಲನೆಯದನ್ನೂ ಇನ್ನೊಂದಕ್ಕೆ ಎರಡನೆಯದನ್ನೂ ತೋರಿಸಿ ಫಲಿತಾಂಶವನ್ನು ಹೋಲಿಸುವ ಕ್ರಮಕ್ಕೆ ಸ್ಪ್ಲಿಟ್ ಟೆಸ್ಟ್ ಅಥವಾ ಎ/ಬಿ ಟೆಸ್ಟ್ ಎನ್ನುತ್ತಾರೆ. ಈಗಾಗಲೇ ಬಳಕೆಯಲ್ಲಿರುವುದನ್ನು ಎ ಎಂದೂ ಹೊಸದನ್ನು ಬಿ ಎಂದೂ ಕರೆಯುವುದು ರೂಢಿ. ಯಾರಿಗೆ ಯಾವುದು ಕಾಣಬೇಕೆಂಬುದನ್ನು ಚೀಟಿ ಎತ್ತಿದ ಹಾಗೆ ಆಕಸ್ಮಿಕವಾಗಿ ನಿರ್ಧರಿಸುವುದೇ ಈ ಕ್ರಮದ ಜೀವಾಳ. ಹಾಗೆ ಹಂಚಿದಾಗ ವಯಸ್ಸು, ಕೊಳ್ಳುವ ಶಕ್ತಿ, ಬಳಸುವ ಫೋನು, ಭೇಟಿಯ ಹೊತ್ತು ಇವೆಲ್ಲವೂ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಸಮನಾಗಿರುತ್ತವೆ. ಆದ್ದರಿಂದ ಕೊನೆಗೆ ಕಾಣುವ ದೊಡ್ಡ ವ್ಯತ್ಯಾಸಕ್ಕೆ ಫೋಟೊ ಅಥವಾ ಶೀರ್ಷಿಕೆಯನ್ನು ಬಿಟ್ಟರೆ ಬೇರೆ ಕಾರಣ ಉಳಿಯುವುದಿಲ್ಲ.

ಹಂಚಿಕೆ ಭೇಟಿಗೊಂದರಂತೆ ನಡೆಯದೆ ವ್ಯಕ್ತಿಗೊಂದರಂತೆ ನಡೆಯಬೇಕು. ಬೆಳಿಗ್ಗೆ ಒಂದು ಫೋಟೊ ಕಂಡವರಿಗೆ ಸಂಜೆ ಇನ್ನೊಂದು ಕಂಡರೆ, ಅವರು ಕೊಟ್ಟ ಆರ್ಡರನ್ನು ಯಾವ ಫೋಟೊದ ಲೆಕ್ಕಕ್ಕೆ ಬರೆಯಬೇಕೆಂಬುದೇ ತಿಳಿಯುವುದಿಲ್ಲ.

ಕಳೆದ ವಾರ ಹಳೆಯ ಫೋಟೊ ಇತ್ತು, ಈ ವಾರ ಹೊಸದನ್ನು ಹಾಕಿದ್ದೇನೆ, ಕ್ಲಿಕ್ ಹೆಚ್ಚಿದೆ. ಇಷ್ಟು ಸಾಲದೇ?

ಸಾಲದು. ಎರಡು ವಾರಗಳ ನಡುವೆ ಬದಲಾಗುವುದು ಫೋಟೊ ಒಂದೇ ಅಲ್ಲ. ಪ್ರತಿಸ್ಪರ್ಧಿಯ ಸರಕು ಮುಗಿದಿರಬಹುದು, ಹುಡುಕಾಟದ ಫಲಿತಾಂಶದಲ್ಲಿ ನಿಮ್ಮ ಲಿಸ್ಟಿಂಗ್, ಅಂದರೆ ಮಾರಾಟ ತಾಣದಲ್ಲಿ ನಿಮ್ಮ ಉತ್ಪನ್ನದ ನಮೂದು, ಎರಡು ಸಾಲು ಮೇಲೇರಿರಬಹುದು, ಸಂಬಳದ ದಿನ ಬಂದಿರಬಹುದು, ಯಾರೋ ಒಬ್ಬರು ಒಳ್ಳೆಯ ವಿಮರ್ಶೆ ಬರೆದಿರಬಹುದು. ಇವುಗಳಲ್ಲಿ ಹುಡುಕಾಟದ ಸ್ಥಾನದ ಪ್ರಭಾವವೊಂದೇ ಅನೇಕ ವೇಳೆ ಫೋಟೊದ ಪ್ರಭಾವವನ್ನು ಮುಚ್ಚಿಹಾಕುವಷ್ಟು ದೊಡ್ಡದಾಗಿರುತ್ತದೆ. ಇನ್ನೂ ಒಂದು ತೊಡಕಿದೆ. ಮಾರಾಟ ತೀರ ಕುಸಿದ ವಾರದಲ್ಲೇ ಜನ ಫೋಟೊ ಬದಲಿಸಲು ಹೊರಡುವುದು. ತೀರ ಕೆಟ್ಟ ವಾರದ ಮುಂದಿನ ವಾರ ಏನೂ ಮಾಡದಿದ್ದರೂ ಸಾಮಾನ್ಯವಾಗಿ ತುಸು ಚೇತರಿಸಿಕೊಳ್ಳುತ್ತದೆ, ಆ ಚೇತರಿಕೆಯ ಕೀರ್ತಿ ಹೊಸ ಫೋಟೊಗೆ ಸಲ್ಲುತ್ತದೆ.

ಕ್ಲಿಕ್ ಎಣಿಸಬೇಕೋ, ಆರ್ಡರ್ ಎಣಿಸಬೇಕೋ?

ಎರಡನ್ನೂ ಎಣಿಸಬೇಕು. ಆದರೆ ಯಾವುದರ ಮೇಲೆ ತೀರ್ಮಾನ ಎಂಬುದನ್ನು ಪರೀಕ್ಷೆ ಶುರುವಾಗುವ ಮೊದಲೇ ಬರೆದಿಡಬೇಕು. ಇಲ್ಲಿ ಮೂರು ಅನುಪಾತಗಳು ಎದುರಾಗುತ್ತವೆ: ನೋಡಿದವರಲ್ಲಿ ಕ್ಲಿಕ್ ಮಾಡಿದವರು ಎಷ್ಟು, ಕ್ಲಿಕ್ ಮಾಡಿದವರಲ್ಲಿ ಕೊಂಡವರು ಎಷ್ಟು, ನೋಡಿದವರಲ್ಲಿ ಕೊಂಡವರು ಎಷ್ಟು. ಮೊದಲನೆಯದು ಬೇಗ ಸಿಗುತ್ತದೆ, ಏಕೆಂದರೆ ಆರ್ಡರಿಗಿಂತ ಕ್ಲಿಕ್ಕುಗಳು ಹಲವು ಪಟ್ಟು ಹೆಚ್ಚು. ಎರಡನೆಯದನ್ನು ಮಾರಾಟದ ಅಂಕಿಗಳನ್ನು ತೋರಿಸುವ ಡ್ಯಾಶ್‌ಬೋರ್ಡುಗಳು ಕನ್ವರ್ಷನ್ ಎಂಬ ಹೆಸರಿನಲ್ಲಿ ದೊಡ್ಡದಾಗಿ ತೋರಿಸುತ್ತವೆ, ಹಾಗಾಗಿ ಬಹುಪಾಲು ಜನ ಅದನ್ನೇ ನಂಬುತ್ತಾರೆ. ನನ್ನ ಮಟ್ಟಿಗೆ ತೀರ್ಮಾನಕ್ಕೆ ಯೋಗ್ಯವಾದುದು ಮೂರನೆಯದು.

ಕಾರಣ ಸರಳವಾಗಿದೆ. ಫೋಟೊ ಆಕರ್ಷಕವಾದಷ್ಟೂ ಕೊಳ್ಳುವ ಇರಾದೆ ಗಟ್ಟಿಯಿಲ್ಲದವರೂ ಕ್ಲಿಕ್ ಮಾಡುತ್ತಾರೆ. ಆಗ ಕ್ಲಿಕ್ ಮಾಡಿದವರ ಗುಂಪಿನ ಸ್ವರೂಪವೇ ಬದಲಾಗುತ್ತದೆ. ಎ ಫೋಟೊದಿಂದ ಒಳಬಂದವರಿಗೂ ಬಿ ಫೋಟೊದಿಂದ ಒಳಬಂದವರಿಗೂ ಹೋಲಿಕೆ ಇರುವುದಿಲ್ಲ, ಏಕೆಂದರೆ ಅವರನ್ನು ಆರಿಸಿದ್ದು ಚೀಟಿಯಲ್ಲ, ಫೋಟೊ. ನೋಡಿದವರ ಗುಂಪು ಮಾತ್ರ ಎರಡೂ ಕಡೆ ಒಂದೇ ಬಗೆಯದು. ಆದ್ದರಿಂದ ಛೇದದಲ್ಲಿ ಇರಬೇಕಾದವರು ನೋಡಿದವರೇ. ಕನ್ವರ್ಷನ್ ಇಳಿದರೂ ನೋಡಿದವರಲ್ಲಿ ಕೊಂಡವರ ಪ್ರಮಾಣ ಏರಿದ್ದರೆ ಬಿ ಫೋಟೊ ನಿಮಗೆ ಲಾಭವನ್ನೇ ತಂದಿದೆ. ಕ್ಲಿಕ್ ಏರಿಯೂ ಆ ಪ್ರಮಾಣ ಅಲುಗದಿದ್ದರೆ ಬಿ ಫೋಟೊ ಕುತೂಹಲಿಗಳನ್ನಷ್ಟೇ ಕರೆತಂದಿದೆ.

ಪರೀಕ್ಷೆಗೆ ಎಷ್ಟು ನೋಡುಗರು ಬೇಕು?

ಇದಕ್ಕೆ ನೋಡುಗರ ಸಂಖ್ಯೆಯಿಂದ ಹೊರಡುವುದಕ್ಕಿಂತ ಕ್ಲಿಕ್ಕುಗಳ ಅಥವಾ ಆರ್ಡರುಗಳ ಸಂಖ್ಯೆಯಿಂದ ಹೊರಡುವುದು ಸುಲಭ. ಕ್ಲಿಕ್ ಪ್ರಮಾಣವು ನೂರಕ್ಕೆ ಎರಡು ಮೂರರಷ್ಟು ಕಡಿಮೆ ಇರುವ ಸಾಮಾನ್ಯ ಸಂದರ್ಭಗಳಿಗೆ ಈ ಅಂದಾಜು ಸಾಕು:

```
ಪ್ರತಿ ಬದಿಗೆ ಬೇಕಾದ ಕ್ಲಿಕ್ (ಅಥವಾ ಆರ್ಡರ್) = 16 / (ಏರಿಕೆ × ಏರಿಕೆ)
```

ಇಲ್ಲಿ ಏರಿಕೆ ಎಂದರೆ ನೀವು ಪತ್ತೆಹಚ್ಚಬಯಸುವ ಕನಿಷ್ಠ ಹೆಚ್ಚಳ, ದಶಾಂಶದಲ್ಲಿ. ಶೇ. 20ರಷ್ಟು ಏರಿಕೆಯನ್ನು ಹಿಡಿಯಬೇಕಾದರೆ 0.2 × 0.2 ಅಂದರೆ 0.04, ಅದರಿಂದ 16ನ್ನು ಭಾಗಿಸಿದರೆ 400. ಪ್ರತಿ ಬದಿಗೆ ಸುಮಾರು 400 ಕ್ಲಿಕ್ ಬೇಕು. ನೂರು ಜನ ನೋಡಿದರೆ ಇಬ್ಬರು ಕ್ಲಿಕ್ ಮಾಡುವ ಲಿಸ್ಟಿಂಗಿನಲ್ಲಿ ಇದಕ್ಕೆ ಪ್ರತಿ ಬದಿಗೆ 20,000 ನೋಡುಗರಾಗುತ್ತಾರೆ. ಇಷ್ಟು ಸಂಗ್ರಹಿಸಿದರೆ, ನಿಜವಾಗಿಯೂ ಶೇ. 20ರಷ್ಟು ಮೇಲಿರುವ ಫೋಟೊವನ್ನು ಹತ್ತರಲ್ಲಿ ಎಂಟು ಸಲ ಪರೀಕ್ಷೆ ಗುರುತಿಸುತ್ತದೆ. ವ್ಯತ್ಯಾಸವೇ ಇಲ್ಲದ ಎರಡು ಫೋಟೊಗಳ ನಡುವೆ ವ್ಯತ್ಯಾಸವಿದೆಯೆಂದು ತಪ್ಪಾಗಿ ಹೇಳುವ ಸಂಭವ ನೂರರಲ್ಲಿ ಐದು.

ಏರಿಕೆ ಅರ್ಧವಾದರೆ ಬೇಕಾದ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಗಮನಿಸಬೇಕು: ಶೇ. 10ರ ಏರಿಕೆಗೆ 1,600 ಕ್ಲಿಕ್. ಇನ್ನೊಂದು ದಿಕ್ಕಿನಲ್ಲಿ, ಶೇ. 50ರಷ್ಟು ಏರಿಕೆಯನ್ನು ಹಿಡಿಯಲು ನೂರಕ್ಕಿಂತ ಕಡಿಮೆ ಕ್ಲಿಕ್ಕುಗಳೇ ಸಾಕು. ಆರ್ಡರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ, ಕಷ್ಟ ಇರುವುದೇ ಅಲ್ಲಿ. ಕ್ಲಿಕ್ ಮಾಡಿದ ನೂರು ಜನರಲ್ಲಿ ಎಂಟು ಮಂದಿ ಕೊಳ್ಳುವರೆಂದರೆ 400 ಆರ್ಡರುಗಳಿಗೆ 5,000 ಕ್ಲಿಕ್, ಅಂದರೆ ಪ್ರತಿ ಬದಿಗೆ ಎರಡೂವರೆ ಲಕ್ಷ ನೋಡುಗರು ಬೇಕಾಗುತ್ತಾರೆ. ಕ್ಲಿಕ್ಕಿನ ಉತ್ತರ ಸಿಕ್ಕ ದಿನವೇ ಆರ್ಡರಿನ ಉತ್ತರವೂ ಸಿಗುವುದೆಂದು ಯಾರೂ ಎಣಿಸಬಾರದು.

ಯಾವ ಎರಡು ಫೋಟೊಗಳನ್ನು ಪರೀಕ್ಷೆಗೆ ಇಡಬೇಕು?

ಮೇಲಿನ ಲೆಕ್ಕವೇ ಇದಕ್ಕೆ ಉತ್ತರ ಕೊಡುತ್ತದೆ. ಸಣ್ಣ ವ್ಯತ್ಯಾಸವನ್ನು ಹಿಡಿಯಲು ಅಪಾರ ನೋಡುಗರು ಬೇಕಾದ್ದರಿಂದ, ನೆರಳು ತುಸು ಮೃದುವಾಗಿರುವ ಫೋಟೊಗೂ ತುಸು ಗಾಢವಾಗಿರುವ ಫೋಟೊಗೂ ಪೈಪೋಟಿ ಇಡುವುದು ವ್ಯರ್ಥ. ಎರಡು ಬೇರೆ ಬೇರೆ ವಿಚಾರಗಳನ್ನು ಎದುರುಬದುರು ನಿಲ್ಲಿಸಬೇಕು: ಉತ್ಪನ್ನ ಒಂಟಿಯಾಗಿ ಕಾಣುವುದು ಮತ್ತು ಬಳಕೆಯಲ್ಲಿ ಕಾಣುವುದು, ಎದುರಿನಿಂದ ಕಾಣುವುದು ಮತ್ತು ತೆರೆದ ಒಳಭಾಗ ಕಾಣುವುದು. ಬದಲಿಸುವ ಅಂಶ ಒಂದೇ ಇರಲಿ, ಆ ಬದಲಾವಣೆ ದಿಟ್ಟವಾಗಿರಲಿ. ಫೋಟೊ, ಶೀರ್ಷಿಕೆ, ಬೆಲೆ ಮೂರನ್ನೂ ಒಟ್ಟಿಗೆ ಬದಲಿಸಿದರೆ ಗೆಲುವು ಯಾವುದರಿಂದ ಬಂತೆಂದು ಹೇಳಲಾಗುವುದಿಲ್ಲ.

ಎರಡನ್ನೂ ಥಂಬ್‌ನೇಲ್ ಅಳತೆಗೆ ಕಿರಿದಾಗಿಸಿ, ಫೋನಿನಲ್ಲಿ, ಇತರ ಮಾರಾಟಗಾರರ ಫೋಟೊಗಳ ಸಾಲಿನಲ್ಲಿಟ್ಟು ನೋಡುವುದು ಒಳ್ಳೆಯದು. ಆ ಅಳತೆಯಲ್ಲಿ ನಿಮಗೇ ವ್ಯತ್ಯಾಸ ಕಾಣದಿದ್ದರೆ ನೋಡುಗರಿಗೂ ಕಾಣದು. ಮಾರಾಟ ತಾಣದ ನಿಯಮಗಳನ್ನೂ ಮೊದಲೇ ಓದಿಕೊಳ್ಳಬೇಕು. ಉದಾಹರಣೆಗೆ ಅಮೆಜಾನ್‌ನಲ್ಲಿ ಮುಖ್ಯ ಫೋಟೊದ ಹಿನ್ನೆಲೆ ಅಚ್ಚ ಬಿಳಿ ಇರಬೇಕು, ಉತ್ಪನ್ನವು ಚೌಕಟ್ಟಿನ ಶೇ. 85ರಷ್ಟನ್ನು ತುಂಬಿರಬೇಕು, ಫೋಟೊ ಮೇಲೆ ಬರಹ ಇರಬಾರದು. ಅಂತಹ ಕಡೆ ಬಳಕೆಯ ದೃಶ್ಯವನ್ನು ಮುಖ್ಯ ಫೋಟೊ ಆಗಿ ಪರೀಕ್ಷಿಸಲು ಸಾಧ್ಯವಿಲ್ಲ. ಕೋನ, ತೆರೆದ ಅಥವಾ ಮುಚ್ಚಿದ ಸ್ಥಿತಿ ಎಂಬಂತಹ ಭೇದಗಳಿಗೆ ಸೀಮಿತವಾಗಬೇಕಾಗುತ್ತದೆ.

ಶೀರ್ಷಿಕೆಯ ಪರೀಕ್ಷೆಯೂ ಹೀಗೆಯೇ ನಡೆಯುತ್ತದೆಯೇ?

ಎಣಿಕೆ ಒಂದೇ, ಆದರೆ ಒಂದು ವಿಶೇಷ ತೊಡಕಿದೆ. ಫೋಟೊ ಬದಲಾದರೆ ನಿಮ್ಮ ಲಿಸ್ಟಿಂಗ್ ಯಾರ ಕಣ್ಣಿಗೆ ಬೀಳುತ್ತದೆ ಎಂಬುದು ನೇರವಾಗಿ ಬದಲಾಗುವುದಿಲ್ಲ. ಶೀರ್ಷಿಕೆ ಬದಲಾದರೆ ಬದಲಾಗಬಹುದು, ಏಕೆಂದರೆ ಹುಡುಕಾಟ ಯಂತ್ರ ಓದುವುದೇ ಆ ಪದಗಳನ್ನು. ಶೀರ್ಷಿಕೆಗೆ ಒಂದು ಹೊಸ ಪದ ಸೇರಿಸಿದೊಡನೆ ಆ ಪದವನ್ನು ಹುಡುಕುವ ಹೊಸ ಜನ ನಿಮ್ಮ ಲಿಸ್ಟಿಂಗ್ ಕಾಣತೊಡಗುತ್ತಾರೆ. ಅವರಲ್ಲಿ ಅನೇಕರಿಗೆ ಬೇಕಾಗಿದ್ದುದು ಬೇರೆಯೇ ಆಗಿದ್ದರೆ ಕ್ಲಿಕ್ ಪ್ರಮಾಣ ಇಳಿಯುತ್ತದೆ, ಆದರೆ ಒಟ್ಟು ಕ್ಲಿಕ್ಕುಗಳೂ ಒಟ್ಟು ಆರ್ಡರುಗಳೂ ಏರಿರಬಹುದು. ಪ್ರಮಾಣವನ್ನಷ್ಟೇ ನೋಡಿದವರು ಒಳ್ಳೆಯ ಶೀರ್ಷಿಕೆಯನ್ನು ತೆಗೆದುಹಾಕುತ್ತಾರೆ.

ಹೀಗಾಗಿ ಶೀರ್ಷಿಕೆಯ ಪರೀಕ್ಷೆಯನ್ನು ಎರಡು ಬಗೆಯಾಗಿ ಬೇರ್ಪಡಿಸುವುದು ಲೇಸು. ಅದೇ ಪದಗಳನ್ನು ಬೇರೆ ಕ್ರಮದಲ್ಲಿ ಇಡುವುದು ಒಂದು ಬಗೆ. ಫೋನಿನಲ್ಲಿ ಉದ್ದದ ಶೀರ್ಷಿಕೆಯ ಕೊನೆ ಕತ್ತರಿಸಿ ಹೋಗುವುದರಿಂದ, ಅಳತೆ ಅಥವಾ ಮುಖ್ಯ ಗುಣ ಮೊದಲ ಕೆಲವು ಪದಗಳಲ್ಲಿ ಬಂದರೆ ಏನಾಗುತ್ತದೆ ಎಂಬುದು ನಿಜವಾದ ಪ್ರಶ್ನೆ, ಅದಕ್ಕೆ ಸ್ಪ್ಲಿಟ್ ಟೆಸ್ಟ್ ಚೆನ್ನಾಗಿ ಒಗ್ಗುತ್ತದೆ. ಹೊಸ ಹುಡುಕಾಟ ಪದಗಳನ್ನು ಸೇರಿಸುವುದು ಇನ್ನೊಂದು ಬಗೆ. ಅದನ್ನು ಪ್ರಮಾಣದಿಂದ ಅಳೆಯಬಾರದು, ಒಟ್ಟು ಆರ್ಡರುಗಳಿಂದ ಅಳೆಯಬೇಕು, ಮತ್ತು ಅದಕ್ಕೆ ಹೆಚ್ಚು ಕಾಲ ಕೊಡಬೇಕು.

ಎಷ್ಟು ದಿನ ನಡೆಸಬೇಕು?

ಬೇಕಾದ ಸಂಖ್ಯೆ ತುಂಬುವವರೆಗೆ, ಆದರೆ ಪೂರ್ಣ ವಾರಗಳ ಲೆಕ್ಕದಲ್ಲಿ. ವಾರದ ದಿನಗಳಲ್ಲಿ ನೋಡುವವರೂ ರಜೆಯ ದಿನಗಳಲ್ಲಿ ನೋಡುವವರೂ ಒಂದೇ ಬಗೆಯವರಲ್ಲ. ಸಂಖ್ಯೆ ಮೂರೇ ದಿನಗಳಲ್ಲಿ ತುಂಬಿದರೂ ವಾರ ಪೂರ್ಣಗೊಳಿಸಬೇಕು. ಆರ್ಡರುಗಳನ್ನು ಎಣಿಸುವಾಗ ಇಂದು ಕ್ಲಿಕ್ ಮಾಡಿದವರು ನಾಲ್ಕು ದಿನ ಯೋಚಿಸಿ ಕೊಳ್ಳಬಹುದೆಂಬುದನ್ನೂ ನೆನಪಿಡಬೇಕು.

ನಡುವೆ ಇಣುಕಿ ನೋಡಿ, ಗೆಲುವು ಕಂಡೊಡನೆ ನಿಲ್ಲಿಸಬಹುದೇ?

ನೋಡಬಹುದು, ನಿಲ್ಲಿಸಬಾರದು. ಈ ಬಗೆಯ ಪರೀಕ್ಷೆಗಳಲ್ಲಿ ನಾನು ಕಂಡಂತೆ ಅತಿ ಹೆಚ್ಚು ಹಾನಿ ಮಾಡುವ ಅಭ್ಯಾಸ ಇದೇ. ನೂರರಲ್ಲಿ ಐದು ಎಂಬ ತಪ್ಪಿನ ಮಿತಿ ಅನ್ವಯಿಸುವುದು ಕೊನೆಯಲ್ಲಿ ಒಂದೇ ಸಲ ನೋಡಿದಾಗ. ಸಮಾನ ಅಂತರದಲ್ಲಿ ಐದು ಸಲ ನೋಡಿ, ಯಾವ ಸಲವಾದರೂ ಗೆಲುವು ಕಂಡರೆ ಅಲ್ಲೇ ನಿಲ್ಲಿಸುವ ನಿಯಮ ಇಟ್ಟುಕೊಂಡರೆ, ವ್ಯತ್ಯಾಸವೇ ಇಲ್ಲದ ಫೋಟೊಗಳ ನಡುವೆಯೂ ಗೆಲುವು ಘೋಷಿಸುವ ಸಂಭವ ಸುಮಾರು ಶೇ. 14ಕ್ಕೆ ಏರುತ್ತದೆ. ಹತ್ತು ಸಲ ನೋಡಿದರೆ ಸುಮಾರು ಶೇ. 19. ದಿನಕ್ಕೆರಡು ಬಾರಿ ಡ್ಯಾಶ್‌ಬೋರ್ಡ್ ತೆರೆಯುವವರ ಗತಿಯನ್ನು ಹೇಳಬೇಕಾಗಿಲ್ಲ.

ಪರೀಕ್ಷೆಯ ಆರಂಭದ ದಿನಗಳಲ್ಲಿ ಸಂಖ್ಯೆಗಳು ಚಿಕ್ಕವಾಗಿರುವುದರಿಂದ ಪ್ರಮಾಣಗಳು ವಿಪರೀತ ಏರಿಳಿಯುತ್ತವೆ. ಎರಡನೆಯ ದಿನ ಶೇ. 60ರಷ್ಟು ಮುಂದಿದ್ದ ಫೋಟೊ ಎರಡನೆಯ ವಾರ ಹಿಂದೆ ಬೀಳುವುದು ಅಪರೂಪವೇನಲ್ಲ. ಪರೀಕ್ಷೆ ನಡೆಸಿಕೊಡುವ ಕೆಲವು ತಂತ್ರಾಂಶ ಉಪಕರಣಗಳು ಪದೇ ಪದೇ ನೋಡುವುದನ್ನೇ ಲೆಕ್ಕಕ್ಕೆ ತೆಗೆದುಕೊಂಡು ಗೆಲುವು ಘೋಷಿಸುವ ಗೆರೆಯನ್ನು ಬಿಗಿಗೊಳಿಸಿರುತ್ತವೆ, ಅವುಗಳಲ್ಲಿ ಬೇಗ ನಿಲ್ಲಿಸುವುದು ತಪ್ಪಲ್ಲ. ನಿಮ್ಮ ಉಪಕರಣ ಅಂತಹದ್ದೆಂದು ಅದರ ವಿವರಣೆಯಲ್ಲಿ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಅಲ್ಲವೆಂದೇ ತಿಳಿಯುವುದು ಕ್ಷೇಮ. ನಡುವೆ ನಿಲ್ಲಿಸಲು ನ್ಯಾಯವಾದ ಕಾರಣವೊಂದಿದೆ: ತಪ್ಪು ಉತ್ಪನ್ನದ ಫೋಟೊ ಹಾಕಿರುವುದು, ಪುಟ ತೆರೆಯದಿರುವುದು ಮುಂತಾದ ದೋಷ ಕಂಡುಬಂದಾಗ. ಆಗ ಆವರೆಗಿನ ಅಂಕಿಗಳನ್ನೂ ಎಸೆಯಬೇಕು.

ಲೆಕ್ಕ ಹಾಕುವುದು ಹೇಗೆ? ಒಂದು ಉದಾಹರಣೆ ಕೊಡಬಹುದೇ?

ಮೇಜಿನ ದೀಪವೊಂದನ್ನು ತೆಗೆದುಕೊಳ್ಳೋಣ. ಕೆಳಗಿನ ಅಂಕಿಗಳು ವಿವರಣೆಗಾಗಿ ರಚಿಸಿದವು. ಎ ಫೋಟೊದಲ್ಲಿ ಬಿಳಿ ಹಿನ್ನೆಲೆಯ ಮುಂದೆ ದೀಪ ಮಾತ್ರ ಇದೆ. ಬಿ ಫೋಟೊದಲ್ಲಿ ಅದೇ ದೀಪ ಕತ್ತಲ ಕೋಣೆಯ ಮೇಜಿನ ಮೇಲೆ ಬೆಳಗುತ್ತಿದೆ, ಪಕ್ಕದಲ್ಲಿ ತೆರೆದಿಟ್ಟ ಪುಸ್ತಕವಿದೆ. ಮಾರಾಟಗಾರರು ಮೊದಲೇ ಬರೆದಿಟ್ಟ ನಿಯಮ ಹೀಗಿದೆ: ಒಂದು ವಾರದ ಕೊನೆಗೆ ಕ್ಲಿಕ್ ಓದುವುದು, ಹತ್ತು ವಾರಗಳ ಕೊನೆಗೆ ಆರ್ಡರ್ ಓದುವುದು, ಅಂತಿಮ ತೀರ್ಮಾನ ಆರ್ಡರಿನ ಮೇಲೆ.

ಮೊದಲ ವಾರದ ಕೊನೆಗೆ ಎರಡೂ ಬದಿಗೆ ತಲಾ 20,000 ನೋಡುಗರಾಗಿದ್ದಾರೆ. ಎ ಫೋಟೊಗೆ 400 ಕ್ಲಿಕ್, ಬಿ ಫೋಟೊಗೆ 476. ಎರಡೂ ಬದಿಯ ನೋಡುಗರು ಸಮವಾಗಿದ್ದು ಕ್ಲಿಕ್ ಪ್ರಮಾಣ ಕಡಿಮೆ ಇರುವಾಗ ಲೆಕ್ಕ ಬಹಳ ಸುಲಭ. ವ್ಯತ್ಯಾಸವನ್ನು, ಒಟ್ಟು ಮೊತ್ತದ ವರ್ಗಮೂಲದಿಂದ ಭಾಗಿಸಿದರೆ ಆಯಿತು. ಸ್ಪ್ರೆಡ್‌ಶೀಟಿನಲ್ಲಿ ಎ ಕ್ಲಿಕ್ಕನ್ನು A2 ಕೋಶದಲ್ಲೂ ಬಿ ಕ್ಲಿಕ್ಕನ್ನು B2 ಕೋಶದಲ್ಲೂ ಬರೆದು ಹೀಗೆ ಕೊಡಬಹುದು:

```
=(B2-A2)/SQRT(A2+B2)
```

76ನ್ನು 876ರ ವರ್ಗಮೂಲವಾದ 29.6ರಿಂದ ಭಾಗಿಸಿದಾಗ ಸುಮಾರು 2.6 ಬರುತ್ತದೆ. ಈ ಸಂಖ್ಯೆ 2ನ್ನು ಮೀರಿದರೆ, ಅಥವಾ ಮೈನಸ್ 2ಕ್ಕಿಂತ ಕೆಳಗಿಳಿದರೆ, ವ್ಯತ್ಯಾಸ ಬರಿಯ ಆಕಸ್ಮಿಕವೆನ್ನಲು ಕಷ್ಟ. ಆದ್ದರಿಂದ ಬಿ ಫೋಟೊ ಹೆಚ್ಚು ಕ್ಲಿಕ್ ತರುತ್ತದೆಂದು ಹೇಳಬಹುದು. ಎಷ್ಟು ಹೆಚ್ಚು ಎಂಬುದು ಮಾತ್ರ ಅಷ್ಟು ಸ್ಪಷ್ಟವಿಲ್ಲ. ವರ್ಗಮೂಲದ ಎರಡು ಪಟ್ಟನ್ನು, ಅಂದರೆ ಸುಮಾರು 59ನ್ನು, ವ್ಯತ್ಯಾಸದಿಂದ ಕಳೆದು ಹಾಗೂ ಅದಕ್ಕೆ ಕೂಡಿಸಿ ನೋಡಿದರೆ ನಿಜವಾದ ವ್ಯತ್ಯಾಸ 17ರಿಂದ 135ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಶೇ. 19 ಎಂದು ಡ್ಯಾಶ್‌ಬೋರ್ಡ್ ತೋರಿಸುವ ಏರಿಕೆಯ ಹಿಂದೆ ಶೇ. 4ರಿಂದ ಶೇ. 34ರವರೆಗಿನ ವಿಶಾಲವಾದ ಅನಿಶ್ಚಿತತೆ ಅಡಗಿದೆ.

ಇನ್ನು ಆರ್ಡರ್. ಅದೇ ವಾರ ಎ ಕಡೆ 32, ಬಿ ಕಡೆ 33. ಅದೇ ಸೂತ್ರದಿಂದ 1ನ್ನು 65ರ ವರ್ಗಮೂಲವಾದ 8ರಿಂದ ಭಾಗಿಸಿದರೆ 0.12. ಇಲ್ಲಿ ಅವಸರದವರು ಎರಡು ತಪ್ಪು ಮಾತುಗಳನ್ನು ಆಡುತ್ತಾರೆ. ಆರ್ಡರಿನಲ್ಲಿ ವ್ಯತ್ಯಾಸವಿಲ್ಲ ಎನ್ನುವುದು ಒಂದು. ವ್ಯತ್ಯಾಸ ಮೈನಸ್ 15ರಿಂದ ಪ್ಲಸ್ 17ರವರೆಗೆ ಏನಾದರೂ ಆಗಿರಬಹುದಾದ್ದರಿಂದ, ವ್ಯತ್ಯಾಸವಿಲ್ಲವೆಂದು ಸಾಬೀತಾಗಿಲ್ಲ, ಏನೂ ತಿಳಿದಿಲ್ಲ ಅಷ್ಟೇ. ಬಿ ಫೋಟೊದ ಕನ್ವರ್ಷನ್ ಶೇ. 8ರಿಂದ ಶೇ. 6.9ಕ್ಕೆ ಕುಸಿಯಿತು ಎನ್ನುವುದು ಇನ್ನೊಂದು. 32 ಮತ್ತು 33 ಆರ್ಡರುಗಳ ಬಲದ ಮೇಲೆ ಆ ಮಾತನ್ನೂ ಆಡಲಾಗದು.

ಹತ್ತನೆಯ ವಾರದ ಕೊನೆಗೆ ಪ್ರತಿ ಬದಿಗೆ ಎರಡು ಲಕ್ಷ ನೋಡುಗರಾಗಿದ್ದಾರೆ. ಎ ಕಡೆ 4,010 ಕ್ಲಿಕ್ ಮತ್ತು 318 ಆರ್ಡರ್, ಬಿ ಕಡೆ 4,730 ಕ್ಲಿಕ್ ಮತ್ತು 311 ಆರ್ಡರ್. ಕ್ಲಿಕ್ಕಿನ ವಿಷಯದಲ್ಲಿ ಈಗ ಸಂದೇಹವೇ ಉಳಿದಿಲ್ಲ. ಆರ್ಡರಿನ ವ್ಯತ್ಯಾಸ ಮೈನಸ್ 7, ಅದರ ಎರಡೂ ಕಡೆಯ ಅಂಚು, ಅಂದರೆ ವರ್ಗಮೂಲದ ಎರಡು ಪಟ್ಟು, 50. ಬಿ ಫೋಟೊದಿಂದ ಆರ್ಡರ್ ಹೆಚ್ಚೆಂದರೆ 43ರಷ್ಟು, ಅಂದರೆ ಸುಮಾರು ಶೇ. 14ರಷ್ಟು ಏರಿರಬಹುದು, ಶೇ. 18ರಷ್ಟು ಇಳಿದಿರಲೂಬಹುದು. ಕ್ಲಿಕ್ ಏರಿದಷ್ಟೇ ಪ್ರಮಾಣದಲ್ಲಿ ಆರ್ಡರೂ ಏರಿದೆ ಎಂಬ ಆಸೆಯನ್ನು ಈಗ ಕೈಬಿಡಬಹುದು. ಹೆಚ್ಚುವರಿಯಾಗಿ ಬಂದ 720 ಕ್ಲಿಕ್ಕುಗಳು ಬರಿಗೈಯಲ್ಲಿ ಮರಳಿವೆ. ಪ್ರತಿ ಕ್ಲಿಕ್ಕಿಗೆ ಹಣ ತೆರುವ ಜಾಹೀರಾತಿನಲ್ಲಿ ಇದೇ ಫೋಟೊ ಇದ್ದಿದ್ದರೆ ಆ 720 ನೇರ ಖರ್ಚು.

ಕ್ಲಿಕ್ ಏರಿಯೂ ಆರ್ಡರ್ ಏರದಿದ್ದರೆ ಕಾರಣವನ್ನು ಹೇಗೆ ಹುಡುಕುವುದು?

ಫೋಟೊ ಕೊಟ್ಟ ಭರವಸೆಗೂ ಒಳಗಿನ ಪುಟ ಹೇಳುವ ಸಂಗತಿಗೂ ಎಲ್ಲಿ ಬಿರುಕು ಬಿಟ್ಟಿದೆ ಎಂಬುದನ್ನು ನೋಡಬೇಕು. ನಮ್ಮ ದೀಪದ ಎತ್ತರ 28 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಬಿ ಫೋಟೊದಲ್ಲಿ ಪುಸ್ತಕ ಹಿಂದಕ್ಕೆ ಸರಿದು ಚಿಕ್ಕದಾಗಿ ಕಾಣುವುದರಿಂದ ದೀಪ ಇರುವುದಕ್ಕಿಂತ ದೊಡ್ಡದೆನಿಸುತ್ತದೆ. ಒಳಬಂದವರು ಅಳತೆ ಓದಿ ಹೊರಟುಹೋಗುತ್ತಾರೆ. ಇದನ್ನು ಗುರುತಿಸಲು ಕೆಲವು ಕುರುಹುಗಳಿವೆ: ಪುಟದಲ್ಲಿ ಜನ ಅಳತೆಯ ವಿವರದವರೆಗೆ ಇಳಿದು ಅಲ್ಲಿಂದ ಮರಳುವುದು, ಖರೀದಿದಾರರ ಪ್ರಶ್ನೆಗಳಲ್ಲಿ ಗಾತ್ರದ ಪ್ರಸ್ತಾಪ ಹೆಚ್ಚುವುದು, ರಿಟರ್ನ್ ಕಾರಣಗಳಲ್ಲಿ ‘ಎಣಿಸಿದ್ದಕ್ಕಿಂತ ಚಿಕ್ಕದು’ ಎಂಬ ಆಯ್ಕೆ ಏರುವುದು. ರಿಟರ್ನ್ ವಾರಗಟ್ಟಲೆ ತಡವಾಗಿ ಬರುವುದರಿಂದ ಪರೀಕ್ಷೆ ಮುಗಿದ ಮೇಲೂ ಎರಡೂ ಬದಿಯ ಆರ್ಡರುಗಳನ್ನು ಪ್ರತ್ಯೇಕವಾಗಿ ಹಿಂಬಾಲಿಸಬೇಕು. ಫೋಟೊ ಗೆದ್ದು ರಿಟರ್ನಿನಲ್ಲಿ ಸೋತ ಲಿಸ್ಟಿಂಗುಗಳು ಬೇಕಾದಷ್ಟಿವೆ.

ಇಲ್ಲಿಂದ ಮುಂದೆ ಬಿ ಫೋಟೊವನ್ನು ಎಸೆಯುವುದಕ್ಕಿಂತ, ಅದರ ಬೆಳಕನ್ನು ಉಳಿಸಿಕೊಂಡು ದೀಪದ ಪಕ್ಕಕ್ಕೇ ಒಂದು ಕೀಬೋರ್ಡ್ ಇಟ್ಟು ಗಾತ್ರ ತಿಳಿಯುವಂತೆ ಮಾಡಿ ಸಿ ಫೋಟೊ ತೆಗೆಯುವುದು ಹೆಚ್ಚು ಫಲಕಾರಿ. ಅದರ ಕ್ಲಿಕ್ ಬಿ ಫೋಟೊಗಿಂತ ಕಡಿಮೆ ಬರಬಹುದು, ಬಂದರೂ ಚಿಂತೆಯಿಲ್ಲ. ಅದನ್ನು ಎ ಫೋಟೊ ಎದುರು ಆರ್ಡರಿನ ಮೇಲೆ ಅಳೆಯಬೇಕು. ಆರ್ಡರುಗಳು ತೀರ ವಿರಳವಾಗಿದ್ದರೆ ಕಾರ್ಟಿಗೆ ಹಾಕಿದವರ ಸಂಖ್ಯೆಯನ್ನು ನಡುವಿನ ಅಳತೆಗೋಲಾಗಿ ಬಳಸಬಹುದು. ಅದು ಆರ್ಡರಿಗಿಂತ ಹೆಚ್ಚು, ಕ್ಲಿಕ್ಕಿಗಿಂತ ನಂಬಲರ್ಹ.

ನನ್ನ ಲಿಸ್ಟಿಂಗಿಗೆ ಇಷ್ಟು ನೋಡುಗರಿಲ್ಲ, ಅಥವಾ ನೋಡುಗರನ್ನು ಒಡೆಯುವ ಉಪಕರಣವಿಲ್ಲ. ಏನು ಮಾಡಲಿ?

ಒಡೆಯುವ ಉಪಕರಣ ಎಲ್ಲರಿಗೂ ಸಿಗುವುದಿಲ್ಲವೆಂಬುದು ನಿಜ. ಅಮೆಜಾನ್ ತನ್ನ ‘ಮ್ಯಾನೇಜ್ ಯುವರ್ ಎಕ್ಸ್‌ಪೆರಿಮೆಂಟ್ಸ್’ ಎಂಬ ಸೌಲಭ್ಯವನ್ನು ಬ್ರ್ಯಾಂಡ್ ನೋಂದಾಯಿಸಿದ ಮಾರಾಟಗಾರರಿಗೆ ಕೊಡುತ್ತದೆ. ಸ್ವಂತ ಜಾಲತಾಣಗಳಿಗೆ ಉಚಿತವಾಗಿದ್ದ ಗೂಗಲ್ ಆಪ್ಟಿಮೈಸ್ 2023ರ ಸೆಪ್ಟೆಂಬರ್‌ನಲ್ಲಿ ನಿಂತುಹೋಯಿತು, ಈಗ ಬೇರೆ ಉಪಕರಣಗಳನ್ನು ಆಶ್ರಯಿಸಬೇಕು. ಒಡೆಯಲು ಸಾಧ್ಯವೇ ಇಲ್ಲದ ಕಡೆ ಸರದಿಯ ಪರೀಕ್ಷೆ ನಡೆಸಬಹುದು. ಎರಡೆರಡು ವಾರಗಳನ್ನು ಒಂದು ಜೋಡಿಯೆಂದು ಎಣಿಸಿ, ಪ್ರತಿ ಜೋಡಿಯಲ್ಲೂ ಯಾವ ಫೋಟೊ ಮೊದಲ ವಾರಕ್ಕೆ ಎಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಬೇಕು. ಹೊಸ ಫೋಟೊ ಎಲ್ಲೆಡೆ ಕಾಣಿಸಿಕೊಳ್ಳಲು ಸಮಯ ಹಿಡಿಯುವುದರಿಂದ ಬದಲಿಸಿದ ದಿನದ ಅಂಕಿಯನ್ನು ಎರಡೂ ವಾರಗಳಿಂದ ಬಿಡಬೇಕು. ಆ ಅವಧಿಯಲ್ಲಿ ಬೆಲೆಯನ್ನಾಗಲಿ ಜಾಹೀರಾತಿನ ಖರ್ಚನ್ನಾಗಲಿ ಮುಟ್ಟಬಾರದು.

ಈ ಪರೀಕ್ಷೆಯಲ್ಲಿ ಎಣಿಸಬೇಕಾದದ್ದು ಜೋಡಿಗಳನ್ನು. ಸಾವಿರಾರು ನೋಡುಗರಿದ್ದರೂ ಇಲ್ಲಿ ಅವರು ಬೇರೆ ಬೇರೆ ಸಾಕ್ಷಿಗಳಲ್ಲ, ಒಂದು ವಾರ ಒಂದು ಸಾಕ್ಷಿ. ಆರು ಜೋಡಿಗಳಲ್ಲಿ ಆರರಲ್ಲೂ ಒಂದೇ ಫೋಟೊ ಗೆದ್ದರೆ, ಎರಡೂ ಸಮವಾಗಿದ್ದು ಕೇವಲ ಆಕಸ್ಮಿಕವಾಗಿ ಹಾಗಾಗುವ ಸಂಭವ 32ರಲ್ಲಿ 1, ಸುಮಾರು ಶೇ. 3. ಐದಕ್ಕೆ ಐದು ಗೆದ್ದರೆ 16ರಲ್ಲಿ 1, ಅದು ಶೇ. 5ರ ಗೆರೆಯನ್ನು ದಾಟುವುದಿಲ್ಲ. ಹಾಗಾಗಿ ಕನಿಷ್ಠ ಹನ್ನೆರಡು ವಾರಗಳ ತಾಳ್ಮೆ ಬೇಕು. ಅಷ್ಟು ತಾಳ್ಮೆಗೆ ತಕ್ಕ ಮಾರಾಟವೇ ಇಲ್ಲದಿದ್ದರೆ ಪರೀಕ್ಷೆ ಬೇಡ. ಗಾತ್ರ, ಬಣ್ಣ, ಪೆಟ್ಟಿಗೆಯಲ್ಲಿ ಏನೇನಿದೆ ಎಂಬುದು ಸ್ಪಷ್ಟವಾಗಿ ತಿಳಿಯುವ ಫೋಟೊವನ್ನು ಹಾಕಿ ಬೇರೆ ಕೆಲಸ ನೋಡುವುದು ಉತ್ತಮ.

ಜಾಹೀರಾತಿನಲ್ಲಿ ಎರಡು ಫೋಟೊ ಓಡಿಸಿ ಬೇಗ ಉತ್ತರ ಪಡೆಯಬಹುದೇ?

ಪಡೆಯಬಹುದು, ಒಂದು ಎಚ್ಚರಿಕೆಯೊಂದಿಗೆ. ಜಾಹೀರಾತು ವ್ಯವಸ್ಥೆಗಳು ಸಾಮಾನ್ಯವಾಗಿ ಮೊದಲು ಕ್ಲಿಕ್ ಗಳಿಸಿದ ಫೋಟೊವನ್ನು ತಾವಾಗಿಯೇ ಹೆಚ್ಚು ತೋರಿಸತೊಡಗುತ್ತವೆ, ಎರಡು ಫೋಟೊಗಳನ್ನೂ ಬೇರೆ ಬೇರೆ ಬಗೆಯ ಜನರಿಗೆ ತೋರಿಸಲೂಬಹುದು. ಆಗ ಅದು ಹೋಲಿಕೆಯಾಗಿ ಉಳಿಯುವುದಿಲ್ಲ. ಸಮನಾಗಿ ಸರದಿ ತೋರಿಸುವ ಆಯ್ಕೆಯನ್ನೋ, ಅಲ್ಲಿಯೇ ಇರುವ ಎ/ಬಿ ಪರೀಕ್ಷೆಯ ಸೌಲಭ್ಯವನ್ನೋ ಬಳಸಬೇಕು.

ಪರೀಕ್ಷೆಯೇ ಕೆಟ್ಟಿದೆಯೆಂದು ತಿಳಿಯುವುದು ಹೇಗೆ?

ಕ್ಲಿಕ್ ನೋಡುವ ಮೊದಲು ನೋಡುಗರ ಸಂಖ್ಯೆ ನೋಡಿ. ಅರ್ಧರ್ಧ ಹಂಚಲು ಹೇಳಿದ್ದ ಪರೀಕ್ಷೆಯಲ್ಲಿ ಒಂದು ಕಡೆ 20,000, ಇನ್ನೊಂದು ಕಡೆ 19,000 ಆಗಿದ್ದರೆ ಅದು ಸಹಜವೆಂದು ಅನೇಕರು ಬಿಟ್ಟುಬಿಡುತ್ತಾರೆ. ಮೇಲಿನ ಸೂತ್ರವನ್ನೇ ಇಲ್ಲಿಯೂ ಹಚ್ಚಬಹುದು: 1,000ವನ್ನು 39,000ದ ವರ್ಗಮೂಲವಾದ 197ರಿಂದ ಭಾಗಿಸಿದರೆ 5ಕ್ಕಿಂತ ಹೆಚ್ಚು. ಆಕಸ್ಮಿಕವಾಗಿ ಹೀಗಾಗುವುದು ಹೆಚ್ಚುಕಡಿಮೆ ಅಸಾಧ್ಯ. ಬಿ ಫೋಟೊದ ಕಡತ ತುಂಬ ದೊಡ್ಡದಾಗಿ, ನಿಧಾನ ಜಾಲದಲ್ಲಿರುವವರು ಎಣಿಕೆಗೆ ಸಿಗುವ ಮೊದಲೇ ಪುಟ ಬಿಟ್ಟುಹೋಗಿರಬಹುದು. ಕಾರಣ ಏನೇ ಇರಲಿ, ಗುಂಪುಗಳು ಸಮವಾಗಿ ಉಳಿದಿಲ್ಲ, ಆದ್ದರಿಂದ ಫಲಿತಾಂಶವನ್ನು ಓದಲೇಬಾರದು.

ಹೊಸ ಉಪಕರಣವನ್ನು ಮೊದಲ ಬಾರಿ ಬಳಸುವಾಗ ಎರಡೂ ಬದಿಗೆ ಒಂದೇ ಫೋಟೊ ಇಟ್ಟು ಒಂದು ವಾರ ಓಡಿಸುವುದು ಒಳ್ಳೆಯ ಪದ್ಧತಿ. ಅಲ್ಲಿಯೂ ದೊಡ್ಡ ಗೆಲುವು ಕಾಣಿಸಿದರೆ ಮೊದಲು ಉಪಕರಣವನ್ನೇ ಸಂದೇಹಿಸಬೇಕು.

ಗೆದ್ದ ಫೋಟೊವನ್ನು ಎಲ್ಲರಿಗೂ ತೋರಿಸಿದ ಮೇಲೆ ಪರೀಕ್ಷೆಯಲ್ಲಿ ಕಂಡಷ್ಟು ಏರಿಕೆ ಉಳಿಯಲಿಲ್ಲ. ಏಕೆ?

ಬಹುತೇಕ ಇದು ಪರೀಕ್ಷೆಯ ದೋಷವಲ್ಲ, ಆಯ್ಕೆಯ ಪರಿಣಾಮ. ಗೆರೆ ದಾಟಿದ ಫೋಟೊಗಳನ್ನಷ್ಟೇ ನಾವು ಉಳಿಸಿಕೊಳ್ಳುತ್ತೇವೆ, ಮತ್ತು ಗೆರೆ ದಾಟುವುದರಲ್ಲಿ ಗುಣದ ಜೊತೆಗೆ ಅದೃಷ್ಟದ ಪಾಲೂ ಇರುತ್ತದೆ. ಮುಂದಿನ ವಾರಗಳಲ್ಲಿ ಗುಣ ಉಳಿಯುತ್ತದೆ, ಅದೃಷ್ಟ ಉಳಿಯುವುದಿಲ್ಲ. ಸಂಖ್ಯೆಗಳು ಚಿಕ್ಕವಾಗಿದ್ದಷ್ಟೂ ಈ ಉಬ್ಬರ ಹೆಚ್ಚು. ಮತ್ತೆ ಮತ್ತೆ ಬರುವ ಗ್ರಾಹಕರು ಹೆಚ್ಚಿರುವ ಕಡೆ, ಹೊಸದೆಂಬ ಕಾರಣಕ್ಕೇ ಮೊದಲ ಕೆಲವು ದಿನ ಕ್ಲಿಕ್ ಮಾಡಿದವರೂ ಇರುತ್ತಾರೆ. ವಾರವಾರದ ಏರಿಕೆಯನ್ನು ಬಿಡಿಬಿಡಿಯಾಗಿ ಬರೆದು ನೋಡಿದರೆ ಈ ಎರಡನೆಯ ಕಾರಣ ಇಳಿಜಾರಾಗಿ ಕಾಣಿಸುತ್ತದೆ. ಮುಂದಿನ ತಿಂಗಳ ದಾಸ್ತಾನು ತರಿಸುವಾಗ ಡ್ಯಾಶ್‌ಬೋರ್ಡ್ ತೋರಿಸಿದ ಏರಿಕೆಯನ್ನು ಆಧಾರವಾಗಿ ಹಿಡಿಯದೆ, ಅನಿಶ್ಚಿತತೆಯ ಕೆಳಗಿನ ಅಂಚಿಗೆ ಹತ್ತಿರವಾದ ಸಂಖ್ಯೆಯನ್ನು ಹಿಡಿಯುವುದು ಸುರಕ್ಷಿತ. ಸಾಧ್ಯವಿದ್ದರೆ, ಗೆದ್ದ ಫೋಟೊ ಹಾಕಿದ ಮೇಲೂ ಹತ್ತರಲ್ಲಿ ಒಬ್ಬ ನೋಡುಗರಿಗೆ ಇನ್ನೂ ಒಂದು ತಿಂಗಳು ಹಳೆಯ ಫೋಟೊವನ್ನೇ ತೋರಿಸುತ್ತಿದ್ದರೆ, ಎರಡೂ ಗುಂಪುಗಳ ಪ್ರಮಾಣವನ್ನು ಹೋಲಿಸಿ ನಿಜವಾದ ಏರಿಕೆ ಎಷ್ಟೆಂದು ಮತ್ತೆ ತಾಳೆ ನೋಡಬಹುದು.